ಬೆಳಗಿನ ವಾಕರಿಕೆ: ಹಾಸಿಗೆ ಬಿಡುವ ಮುಂಚಿನ ತುತ್ತು

"ನನಗೀಗ ಗರ್ಭಾವಸ್ಥೆಯ 7ನೇ ವಾರ. ಎದ್ದ ಕೂಡಲೇ ವಾಂತಿ, ಮಧ್ಯಾಹ್ನಕ್ಕೆ ವಿಪರೀತ ಸುಸ್ತು. ಏನು ಮಾಡಲಿ?"

ರಾತ್ರಿಯಿಡೀ ಖಾಲಿಯಿದ್ದ ಹೊಟ್ಟೆಯಲ್ಲಿ ಥಟ್ಟನೆ ಎದ್ದು ನಿಂತರೆ ವಾಕರಿಕೆ ಹೆಚ್ಚುವುದರಿಂದ, ತಲೆದಿಂಬಿನ ಬಳಿಯೇ ಒಣ ರಸ್ಕ್ ಅಥವಾ ಒಂದು ಹಿಡಿ ಮಂಡಕ್ಕಿ ಇಟ್ಟುಕೊಂಡು, ಅದನ್ನು ತಿಂದು 20 ನಿಮಿಷದ ನಂತರ ನಿಧಾನವಾಗಿ ಏಳಿರಿ. ನನ್ನ ತಂಗಿ ಹೀಗೆಯೇ ಮಾಡಿ, ಆಮೇಲೆ 2 ಗಂಟೆಗೊಮ್ಮೆ ಇಡ್ಲಿ, ಮೊಸರನ್ನದಂಥದ್ದನ್ನು ಸ್ವಲ್ಪಸ್ವಲ್ಪವೇ ತಿಂದು, ನೀರನ್ನು ಊಟದ ಜೊತೆಗಲ್ಲದೆ ಅರ್ಧ ಗಂಟೆ ಬಿಟ್ಟು ಗುಟುಕರಿಸುತ್ತಿದ್ದಳು. ಒಗ್ಗರಣೆಯ ವಾಸನೆಯನ್ನು ಮಾತ್ರ ಆಕೆಗೆ ಸಹಿಸಲಾಗುತ್ತಿರಲಿಲ್ಲ. ದಣಿವು ವಾಕರಿಕೆಯನ್ನು ಕೆರಳಿಸುತ್ತದೆಯಾದ್ದರಿಂದ, ಮಧ್ಯಾಹ್ನ ಉಂಡೊಡನೆ ಮಲಗದೆ ಅರ್ಧ ಗಂಟೆ ಒರಗಿ ಕುಳಿತು, ಬಳಿಕ ಒಂದು ತಾಸು ನಿದ್ರಿಸಿದ ದಿನಗಳಲ್ಲಿ ಆಕೆಯ ಸಂಜೆಯ ವಾಂತಿಯೂ ತಗ್ಗುತ್ತಿತ್ತು. ಆದರೆ ದಿನವಿಡೀ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಅಥವಾ ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಅಂದೇ ವೈದ್ಯರನ್ನು ಕಾಣಬೇಕು.