ತಾಳೆ ನೋಡಲಾಗಿದೆ

ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ಕನ್ನಡ ಅನುವಾದ ಎಡವಟ್ಟಾಗಿದೆ ಎಂಬ ಕೂಗೆದ್ದು ಡಿಸೆಂಬರ್ 29ರಂದು ಮರುಪರೀಕ್ಷೆ ಮಾಡಬೇಕಾಯಿತು. ಅದರಲ್ಲೂ ತಪ್ಪುಗಳಿವೆ ಎಂಬ ದೂರು ಬಂತು. ಅನುವಾದದ ತಪ್ಪಿಗೆ ಈ ಒಂದು ಭಾಗ್ಯವಾದರೂ ಇದೆ, ಅದು ಕಣ್ಣಿಗೆ ಬೀಳುತ್ತದೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಪ್ರಶ್ನೆಸಂಖ್ಯೆಯೂ ಅಂಕವೂ ಎರಡು ಭಾಷೆಯಲ್ಲಿ ಎರಡು ದಾರಿ ಹಿಡಿದರೆ ಯಾರಿಗೂ ಸುಳಿವೇ ಸಿಗುವುದಿಲ್ಲ. ಹೀಗೆ ಸುಳಿವು ಕೊಡದೆ ತಪ್ಪು ಮಾಡುವ ಕಲೆಯ ಬಗ್ಗೆ ನಮ್ಮಲ್ಲಿ ತಕ್ಕ ಗೌರವವಿಲ್ಲ ಎಂಬುದೇ ನನ್ನ ಕೊರಗು.

ಕಲೆಯ ರಹಸ್ಯ ಸರಳ. ಇಪ್ಪತ್ತು ಪ್ರಶ್ನೆಗಳ ಒಂದು ವಿಜ್ಞಾನ ಪತ್ರಿಕೆ ಎಂದುಕೊಳ್ಳಿ; ಮೊದಲ ಪುಟಗಳಲ್ಲಿ ಕನ್ನಡ, ಆಮೇಲಿನ ಪುಟಗಳಲ್ಲಿ ಇಂಗ್ಲಿಷ್. ಎರಡೂ ಬೇರೆ ಬೇರೆ ಕಡತಗಳು. ಪರಿಶೀಲನಾ ಮಂಡಳಿ ಕೊನೆಯ ಗಳಿಗೆಯಲ್ಲಿ 12ನೇ ಪ್ರಶ್ನೆ ಪಠ್ಯಕ್ರಮದಲ್ಲಿಲ್ಲ ಎಂದು ಕಂಡುಹಿಡಿಯುತ್ತದೆ. ಇಂಗ್ಲಿಷ್ ಕಡತದಲ್ಲಿ ಅದನ್ನು ಅಳಿಸಿ, ಅಷ್ಟೇ ಅಂಕದ ಹೊಸ ಪ್ರಶ್ನೆಯೊಂದನ್ನು ಕೊನೆಗೆ ಸೇರಿಸುತ್ತಾರೆ. ಅಲ್ಲಿ ಸಂಖ್ಯೆ ಹಾಕುವುದು ಕಂಪ್ಯೂಟರ್. 13 ತಾನೇ 12 ಆಗುತ್ತದೆ, 14 ತಾನೇ 13 ಆಗುತ್ತದೆ. ಕನ್ನಡ ಕಡತದ ಸಂಖ್ಯೆಗಳನ್ನು ಡಿಟಿಪಿಯವರು ಕೈಯಲ್ಲಿ ಟೈಪು ಮಾಡಿದ್ದಾರೆ. ಅವರ ಕೈಗೆ ಬರುವುದು ‘12ನ್ನು ತೆಗೆದು ಇದನ್ನು ಹಾಕಿ’ ಎಂಬ ಚೀಟಿ ಮಾತ್ರ. ಅವರು ನಿಷ್ಠೆಯಿಂದ ಹಾಗೆಯೇ ಮಾಡುತ್ತಾರೆ. ಹೊಸ ಪ್ರಶ್ನೆ ಕನ್ನಡದಲ್ಲಿ 12, ಇಂಗ್ಲಿಷಿನಲ್ಲಿ 20.

ಆಮೇಲೆ ತಾಳೆ ನೋಡುವವರು ಬರುತ್ತಾರೆ. ಕನ್ನಡದಲ್ಲಿ ಇಪ್ಪತ್ತು ಪ್ರಶ್ನೆ, ಇಂಗ್ಲಿಷಿನಲ್ಲೂ ಇಪ್ಪತ್ತು. ಒಟ್ಟು ಅಂಕವೂ ಸರಿ. ಒಂದು ಐದಂಕದ ಪ್ರಶ್ನೆಯಲ್ಲಿ ಕನ್ನಡಕ್ಕೆ 2+3, ಇಂಗ್ಲಿಷಿಗೆ 3+2 ಎಂದಿರುವುದೂ ಕೂಡಿದರೆ ಐದೇ. ಕೂಡುವ ಲೆಕ್ಕಕ್ಕೆ ಒಳಜಗಳ ಕಾಣಿಸುವುದಿಲ್ಲ. ‘ತಾಳೆ ನೋಡಲಾಗಿದೆ’ ಎಂಬ ಮೊಹರು ಬೀಳುತ್ತದೆ. ಪ್ರಶ್ನೆಗಳನ್ನು ಓದಿ ನೋಡಬಹುದಿತ್ತಲ್ಲ ಎನ್ನಬೇಡಿ. ಓದಿದರೆ ಗೋಪ್ಯತೆಗೆ ಭಂಗ. ಕನ್ನಡಕ್ಕೆ ತಂದವರಿಗೆ ಅಂತಿಮ ಇಂಗ್ಲಿಷ್ ಪ್ರತಿ ತೋರಿಸುವುದಿಲ್ಲ, ಮುದ್ರಣಾಲಯದವರಿಗೆ ಪ್ರಶ್ನೆ ಕೇಳುವ ಅಧಿಕಾರವಿಲ್ಲ. ಪತ್ರಿಕೆಯನ್ನು ಇಡಿಯಾಗಿ ಮೊದಲು ಓದುವ ಭಾಗ್ಯ ಪರೀಕ್ಷೆ ಬರೆಯುವ ಮಗುವಿನದು.

ಮಗು 13ನೇ ಪ್ರಶ್ನೆಗೆ ದ್ಯುತಿಸಂಶ್ಲೇಷಣೆಯನ್ನು ಸೊಗಸಾಗಿ ವಿವರಿಸಿ ಬರುತ್ತದೆ. ಮೌಲ್ಯಮಾಪಕರ ಮುಂದಿರುವ ಮಾದರಿ ಉತ್ತರ ಇಂಗ್ಲಿಷ್ ಸಂಖ್ಯೆಯದು. ಅಲ್ಲಿ 13 ಎಂದರೆ ಆಮ್ಲ ಮತ್ತು ಪ್ರತ್ಯಾಮ್ಲದ ತಟಸ್ಥೀಕರಣ. ‘ಅಪ್ರಸ್ತುತ’ ಎಂದು ಸೊನ್ನೆ. ಹೀಗೆ 12ರಿಂದ 20ರವರೆಗೆ ಒಂಬತ್ತು ಪ್ರಶ್ನೆಗಳು. ಮೊದಲ ಹನ್ನೊಂದಕ್ಕೆ ಪೂರ್ತಿ ಅಂಕ ತೆಗೆದ ಮಗು ಅಲ್ಲಿಂದಾಚೆಗೆ ಒಮ್ಮೆಲೇ ದಡ್ಡನಾಗಿಬಿಡುತ್ತದೆ. ಸೊನ್ನೆಗಳು 12ರಲ್ಲೇ ಶುರುವಾಗಿ ಕನ್ನಡದ ಕಟ್ಟಿನ ತುಂಬ ಸಾಲಾಗಿ ನಿಂತಿರುವುದನ್ನು ಕಂಡಾದರೂ ಅನುಮಾನ ಬರಬೇಕಿತ್ತು. ಆದರೆ ಮೌಲ್ಯಮಾಪಕರು ಉತ್ತರಪತ್ರಿಕೆ ನೋಡುತ್ತಾರೆ, ಪ್ರಶ್ನೆಪತ್ರಿಕೆಯನ್ನಲ್ಲ.

ಕೊನೆಗೂ ಯಾರೋ ತಂದೆ ಗಲಾಟೆ ಮಾಡಿದರೆಂದುಕೊಳ್ಳೋಣ. ಆಗ ಎರಡು ಬ್ರಹ್ಮಾಸ್ತ್ರಗಳಿವೆ. ಮೊದಲನೆಯದು, ಗೊಂದಲವಿದ್ದಲ್ಲಿ ಇಂಗ್ಲಿಷ್ ಪ್ರತಿಯೇ ಅಂತಿಮ ಎಂದು ಮೊದಲ ಪುಟದಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದ ಸಾಲು. ಅಂದರೆ ಕನ್ನಡದಲ್ಲಿ ಬರೆಯುವವನು ಎರಡೂ ಓದಬೇಕು, ಸಮಯ ಮಾತ್ರ ಒಂದೇ ಪತ್ರಿಕೆಯದು. ಎರಡನೆಯದು ಕೃಪಾಂಕ. ಒಂಬತ್ತೂ ಪ್ರಶ್ನೆಗಳಿಗೆ ಎಲ್ಲರಿಗೂ ಅಂಕ, ಯಾವ ತೊಂದರೆಯೂ ಆಗದ ಇಂಗ್ಲಿಷಿನವರಿಗೂ! ಓದಿದವನನ್ನೂ ಓದದವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವ ಇಂಥ ಸಮಾನತೆ ಬೇರೆ ಯಾವ ಇಲಾಖೆಯಿಂದಲೂ ಸಾಧ್ಯವಾಗಿಲ್ಲ.

ಇದಕ್ಕೆ ಮದ್ದಿಲ್ಲವೇ? ಇದೆ, ಅಸಹ್ಯವೆನಿಸುವಷ್ಟು ಸುಲಭವಾದದ್ದು. ಒಂದೇ ಕಡತ, ಅದರಲ್ಲೊಂದು ಕೋಷ್ಟಕ, ಪ್ರಶ್ನೆಗೊಂದು ಅಡ್ಡಸಾಲು. ಎಡತುದಿಯಲ್ಲಿ ಸಂಖ್ಯೆ, ಪಕ್ಕದಲ್ಲಿ ಕನ್ನಡ, ಅದರ ಪಕ್ಕ ಇಂಗ್ಲಿಷ್, ಬಲತುದಿಯಲ್ಲಿ ಅಂಕ. ಸಂಖ್ಯೆಯನ್ನೂ ಅಂಕವನ್ನೂ ಒಂದೇ ಸಲ ಬರೆಯುವುದರಿಂದ ಅವು ಪರಸ್ಪರ ಜಗಳವಾಡಲಾರವು. ಪ್ರಶ್ನೆ ತೆಗೆದರೆ ಇಡೀ ಸಾಲೇ ಹೋಗುತ್ತದೆ, ಎರಡೂ ಭಾಷೆಯಿಂದ ಒಟ್ಟಿಗೆ. ಕನ್ನಡ ಎರಡು ಸಾಲು ಹೆಚ್ಚು ಬೇಡಿದರೆ ಇಂಗ್ಲಿಷ್ ಪಕ್ಕದಲ್ಲಿ ಕಾಯುತ್ತದೆ. ಅಡ್ಡಸಾಲು ಪುಟದ ನಡುವೆ ಮುರಿಯದಂತೆ ಕಟ್ಟಿಹಾಕಿದರಾಯಿತು.

ಈ ಸಲಹೆಯನ್ನು ಸಂಬಂಧಪಟ್ಟವರೊಬ್ಬರ ಮುಂದಿಟ್ಟೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: “ಎಲ್ಲ ಸರಿ ಸ್ವಾಮಿ. ತಾಳೆ ನೋಡುವ ಕೆಲಸವೇ ಇಲ್ಲದಿದ್ದರೆ ತಾಳೆ ನೋಡುವವರ ಸಂಭಾವನೆಯನ್ನು ಯಾವ ಲೆಕ್ಕಶೀರ್ಷಿಕೆಯಲ್ಲಿ ಪಾಸು ಮಾಡುವುದು?”