‘ಜಿಲ್ಲೆ ಕುಸಿಯಿತು’ ಅನ್ನೋ ತಲೆಬರಹ

ತುಮಕೂರಿನಲ್ಲಿ ಪತ್ರಿಕೋದ್ಯಮ ಪಾಠ ಮಾಡುವ ನನ್ನ ಬಳಿ ಪ್ರತಿ ವರ್ಷ ಯಾರಾದರೂ ಡಿಗ್ರಿ ವಿದ್ಯಾರ್ಥಿಗಳು ಬಂದು, ‘ಸರ್, ಎಸ್ಸೆಸ್ಸೆಲ್ಸಿ ಫಲಿತಾಂಶದ ವರದಿಗಳು: ಒಂದು ಅಧ್ಯಯನ’ ಅಂತ ಪ್ರಾಜೆಕ್ಟ್ ಮಾಡ್ತೀವಿ ಅಂತಾರೆ. ಅಷ್ಟು ಅಗಲದ ವಿಷಯ ಬೇಡ, ‘ಕುಸಿತ’ ಅನ್ನೋ ಒಂದೇ ಪದದ ಬೆನ್ನು ಹತ್ತಿ ಅಂತೀನಿ.

2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಶೇ 73.40. ತಲೆಬರಹಕ್ಕೆ ಇಷ್ಟು ಸಾಕು: ಹತ್ತು ಪರ್ಸೆಂಟ್ ಕುಸಿತ. ಆದರೆ 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ ಕಣ್ಣು ಬಿತ್ತು, ನಕಲಿಗೆ ಕಡಿವಾಣ ಬಿತ್ತು. ತೇರ್ಗಡೆಯಾದವರು ತೀರಾ ಕಡಿಮೆಯಾದಾಗ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದರು. ಆ ಏರಿಕೆ ಇಲ್ಲದಿದ್ದರೆ ಫಲಿತಾಂಶ ಶೇ 54ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಅಂದರೆ ಎರಡು ವರ್ಷಗಳನ್ನು ಅಳೆದ ಕೋಲು ಒಂದೇ ಅಲ್ಲ. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾಗಲಿಲ್ಲ, ಹಿಂದಿನ ವರ್ಷದ ಅಂಕಿಯೇ ಎಷ್ಟು ಗಟ್ಟಿ ಅನ್ನೋದು ಕೇಳಬೇಕಾದ ಪ್ರಶ್ನೆ. ಇದನ್ನು ವರದಿ ಹೇಳಿತೇ, ಹೇಳಿದ್ದರೆ ಎಷ್ಟನೇ ಪ್ಯಾರಾದಲ್ಲಿ? ಅಧ್ಯಯನ ಇರೋದು ಇಲ್ಲಿ.

ನಮ್ಮ ತರಗತಿಯಲ್ಲಿ ಫಲಿತಾಂಶದ ಮರುದಿನದಿಂದ ಮೂರು ದಿನದ ಜಿಲ್ಲಾ ಪುಟಗಳನ್ನು ಕತ್ತರಿಸಿಟ್ಟು, ಒಂದೊಂದು ಸುದ್ದಿಗೂ ‘ನಿಯಮ ಬದಲಾದ ಪ್ರಸ್ತಾಪ ಇದೆಯೇ’ ಅಂತ ಗುರುತು ಹಾಕಿದೆವು. ಇಬ್ಬರು ಬೇರೆ ಬೇರೆ ಕೂತು ಅದೇ 20 ಸುದ್ದಿ ಓದಿದರು. ಹೊಂದಿಕೆಯಾಗಿದ್ದು 14ರಲ್ಲಿ ಮಾತ್ರ. ‘ಕೃಪಾಂಕ ನೀಡಲಾಗಿದೆ’ ಅಂತ ಬರೀ ಒಂದು ಸಾಲಿದ್ದರೆ ಒಬ್ಬಳು ‘ಇದೆ’ ಅಂದಳು, ಇನ್ನೊಬ್ಬ ‘ಇಲ್ಲ’ ಅಂದ. ಏರಿಕೆಯನ್ನು ಹಿಂದಿನ ವರ್ಷದ ಜೊತೆ ಹೋಲಿಸಿದ್ದರೆ ಮಾತ್ರ ‘ಇದೆ’ ಅಂತ ನಿಯಮ ಬರೆದುಕೊಂಡು ಮತ್ತೆ ಮೊದಲಿಂದ ಓದಿಸಿದೆ. ಈ ಹೆಜ್ಜೆ ಬಿಟ್ಟರೆ ಕೊನೆಗೆ ಬರೋ ಶೇಕಡಾವಾರು ನಿಮ್ಮ ಅನಿಸಿಕೆ ಅಷ್ಟೇ.

ಟಿವಿ ಕಷ್ಟ. ಯೂಟ್ಯೂಬ್‌ಗೆ ಏರಿಸುವ ತುಣುಕಿನಲ್ಲಿ ಟಾಪರ್ ಬಾಯಿಗೆ ಸಿಹಿ ತಿನ್ನಿಸೋದು ಉಳಿಯುತ್ತದೆ, ಕೆಳಗೆ ಓಡಿದ ಸಾಲುಗಳು ಎಷ್ಟೋ ಸಲ ಉಳಿಯೋದಿಲ್ಲ. ಅವತ್ತೇ ರೆಕಾರ್ಡ್ ಮಾಡಿಕೊಳ್ಳಬೇಕು.

ನನಗೆ ಹೊಳೆಯದೇ ಇದ್ದದ್ದನ್ನು ತೋರಿಸಿದ್ದು ಪಾವಗಡದ ಒಬ್ಬ ಹುಡುಗಿ. ಫಲಿತಾಂಶದ ಪಟ್ಟಿಯಲ್ಲಿರೋದು 31 ಕಂದಾಯ ಜಿಲ್ಲೆಗಳಲ್ಲ, 35 ಶೈಕ್ಷಣಿಕ ಜಿಲ್ಲೆಗಳು. ತುಮಕೂರು ಕಂದಾಯ ಜಿಲ್ಲೆಯದ್ದೇ ಆದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಅನ್ನೋ ಬೇರೆ ಶೈಕ್ಷಣಿಕ ಜಿಲ್ಲೆ. 2020ರಲ್ಲಿ ಚಿಕ್ಕಬಳ್ಳಾಪುರ ಮೊದಲ ಸ್ಥಾನದಲ್ಲಿದ್ದಾಗ ಮಧುಗಿರಿ ಮೂರನೆಯದು. ‘ಹಾಗಾದ್ರೆ ಸರ್, ತುಮಕೂರು ಜಿಲ್ಲೆ ಕುಸೀತು ಅಂತ ಬರೆದಾಗ ನಮ್ಮೂರು ಅದ್ರಲ್ಲಿದೆಯಾ?’ ಅಂದಳು. ಇಲ್ಲ. ಎಷ್ಟು ವರದಿಗಳು ಇದನ್ನು ಬಿಡಿಸಿ ಹೇಳ್ತವೆ ಅಂತ ಎಣಿಸೋದೇ ಈಗ ಅವಳ ಪ್ರಾಜೆಕ್ಟ್.