ಆಲ್ಬಮ್ಮಿನ ನಾಲ್ಕು ಸಾಲು

ಮಗಳು ಹುಟ್ಟಿ ಹನ್ನೊಂದು ದಿನ. ಉಡುಪಿಯ ಹೆಂಡತಿ ಮನೆಯಲ್ಲಿ ಆಟಿ ತಿಂಗಳ ಮಳೆ ನೋಡ್ತಾ ಕೂತಿದ್ದೆ, ಆಗ ನಾದಿನಿ ಒಂದು ಆಲ್ಬಮ್ ತಂದು ಮೊದಲ ಪುಟದಲ್ಲಿ ಅಪ್ಪ ಎಂತಾದ್ರೂ ಬರಿಬೇಕು ಅಂತ ಹೇಳಿ ಹೋದ್ಲು. ಜಾಗ ಉಂಟಲ್ಲ, ಒಂದು ಫೋಟೋದಷ್ಟು, ಆರಿಂಚು ನಾಲ್ಕಿಂಚು.

ನಾನು ಬರೆದದ್ದು ಹದಿನಾರು ಸಾಲು. ಚಂದಿರ, ಮಲ್ಲಿಗೆ, ದೇವತೆ, ಎಲ್ಲ ಉಂಟು. ಮರುದಿನ ಓದಿದ್ರೆ ಯಾರ ಮಗಳಿಗೂ ಕೊಡಬಹುದಿತ್ತು, ನನ್ನವಳಿಗೆ ಮಾತ್ರ ಅಂತ ಒಂದು ಸಾಲೂ ಇಲ್ಲ. ಎಲ್ಲ ಹೊಡೆದುಹಾಕಿ ಹಿಂದಿನ ರಾತ್ರಿ ನಿಜಕ್ಕೂ ಆದದ್ದನ್ನು ಇಟ್ಕೊಂಡೆ: ಅವಳು ನನ್ನ ಬೆರಳು ಹಿಡಿದು ಮಲಗಿದ್ಲು, ನಾನು ಒಂದು ಗಂಟೆ ಅಲ್ಲಾಡಲಿಲ್ಲ. ಅದು ಪ್ರೀತಿ ಅಲ್ಲ, ಅಂಗೈಗೆ ಎಂತ ತಾಗಿದ್ರೂ ಹಿಡ್ಕೊಳ್ಳುವುದು ಎಳೆಕೂಸಿನ ಅಭ್ಯಾಸ, ಐದಾರು ತಿಂಗಳೊಳಗೆ ಹೋಗ್ತದೆ ಅಂತ ಡಾಕ್ಟ್ರು ಹೇಳಿದ್ರು. ಹೋಗುದಾದ್ರೆ ಬರೆದಿಡ್ಲಿಕ್ಕೆ ಇದೇ ಸರಿ ಅನ್ನಿಸ್ತು.

"ನನ್ನ ಬೆರಳನ್ನು ಹಿಡಿದು ಮಲಗಿದೆ" ಅಂತ ಬರೆದು ಮಾವನ ಎದುರು ಓದಿದೆ. ಮಾವ ಯಕ್ಷಗಾನದ ಹುಚ್ಚಿನವರು, ತೊಡೆ ಮೇಲೆ ಬೆರಳು ತಟ್ಟಿ "ಎರಡನೇ ಪದದಲ್ಲಿ ಎಡವ್ತದಲ್ಲ ಮಾರಾಯ" ಅಂದ್ರು. ಅವರ ಕಿವಿಯಲ್ಲಿ ಇದ್ದದ್ದು ಪ್ರಸಂಗದ ಭಾಮಿನಿ ಷಟ್ಪದಿ, ಅದರ ಮೊದಲ ಸಾಲು ಮೂರು-ನಾಲ್ಕು-ಮೂರು-ನಾಲ್ಕು, ಒಟ್ಟು 14 ಮಾತ್ರೆ. ಲಘುವಿಗೆ ಒಂದು, ಗುರುವಿಗೆ ಎರಡು ಅಂತ ಶಾಲೆಯಲ್ಲಿ ಕಲಿತದ್ದು ನೆನಪು ಮಾಡ್ಕೊಂಡು ಎಣಿಸಿದೆ, ನನ್ನ ಸಾಲು 15. ಕಳ್ಳ ಸಿಕ್ಕಿದ್ದು "ಬೆರಳನ್ನು" ಒಳಗೆ: ಒತ್ತಕ್ಷರದ ಹಿಂದಿನ ಳ ಗುರು ಆಗಿ ಆ ಪದ ಐದು ಮಾತ್ರೆ ಆಗಿತ್ತು. ಒತ್ತು ತೆಗೆದು "ಬೆರಳನು" ಅಂದ್ರೆ ನಾಲ್ಕೇ, ಅದಕ್ಕೇ ಹಳೆ ಪದ್ಯದವರು ಹಾಗೆ ಬರಿತಿದ್ರೋ ಏನೋ. ಆದ್ರೆ ನನಗೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರ್ಬೇಕು, ಆದಿಪ್ರಾಸ ಅಂತಾರಲ್ಲ, ಅದೂ ಬೇಕಿತ್ತು. "ನನ್ನ" ಹಿಡ್ಕೊಂಡ್ರೆ ಮುಂದಿನ ಸಾಲೆಲ್ಲ ಚಿನ್ನ, ರನ್ನ ಅಂತ ಶುರುವಾಗ್ತದೆ, ಮತ್ತೆ ಚಂದಿರ ಬರ್ಲಿಕ್ಕೆ ಎಷ್ಟೊತ್ತು? "ನನ್ನ" ಬಿಟ್ಟು ಬೆರಳಿಂದಲೇ ಸುರು ಮಾಡಿದೆ, ಆಗ ಹೊರಗಿನ ಮಳೆ ತಾನಾಗಿ ಒಳಗೆ ಬಂತು.

ಬೆರಳನೊಂದನು ಹಿಡಿದು ಮಲಗಿದೆ
ಹೊರಗೆ ಆಟಿಯ ಮಳೆಯ ಸದ್ದಿಗೆ
ಸರಿಸಲಾರೆನು ಕೈಯ, ಮಗಳೇ
ಮರೆತ ಕಾಫಿಯು ಆರಿ ಹೋಯಿತು

ಭಾಮಿನಿ ಅಂದ್ರೆ ಆರು ಸಾಲು, ಮೂರನೆಯದ್ದೂ ಆರನೆಯದ್ದೂ ಉದ್ದ ಬೇರೆ, ಹಾಗಾಗಿ ಇದು ಭಾಮಿನಿ ಅಲ್ಲ, ಅದರ ನಡಿಗೆ ಮಾತ್ರ. ಮಾವ ತಟ್ಟಿ ನೋಡಿ ಪಾಸ್ ಮಾಡಿದ್ರು. ಹೆಂಡತಿಗೆ ಮಾತ್ರ ಕೊನೆ ಸಾಲು ಕಂಡು ಸಿಟ್ಟು: "ಮಗುವಿನ ಪದ್ಯದಲ್ಲಿ ಕಾಫಿ ಎಂತಕ್ಕೆ? ಅದೂ ನಾನು ಮಾಡಿಟ್ಟದ್ದು, ಕುಡಿಲಿಲ್ಲ ಅಂತ ಆಲ್ಬಮ್ಮಲ್ಲಿ ಬೇರೆ ಬರಿತೀರಾ?"

ಕಾಫಿ ತೆಗೆದ್ರೆ ಆ ರಾತ್ರಿಯೇ ಹೋಗ್ತದೆ ಅಂತ ಹಠ ಮಾಡಿ ಉಳಿಸ್ಕೊಂಡೆ. ಫೋಟೋ ಪೇಪರಿನ ಮೇಲೆ ಜೆಲ್ ಪೆನ್ನಲ್ಲಿ ಬರೆದದ್ದು ಈ ತೇವಕ್ಕೆ ಒಣಗದೆ ಒರೆಸಿಹೋಯ್ತು, ಕೊನೆಗೆ ದಪ್ಪ ಬಿಳಿ ಕಾರ್ಡಿನ ಮೇಲೆ ಬಾಲ್ ಪೆನ್ನಲ್ಲಿ ಬರೆದು ಸಿಕ್ಕಿಸಿದೆ. ಎಡಗೈಯಲ್ಲಿ ಬರೆದದ್ದು, ಅಕ್ಷರ ಸೊಟ್ಟ. ಬಲಗೈ ಬೆರಳು ಅವಳ ಹತ್ರ ಇತ್ತು.